ಒಬ್ಬರೇ ನಡೆಸುವ ಸಲಹಾ ಕಚೇರಿಗೆ ತಿಂಗಳ ಕಂಟೆಂಟ್ ಕ್ಯಾಲೆಂಡರ್: ಮೂರು ಥೀಮ್, ಹತ್ತು ಗಂಟೆ, ಒಂದು ಶೀಟ್

ಒಬ್ಬರೇ ಕೂತು ಕೆಲಸ ಮಾಡುವ ಸಲಹೆಗಾರರ ಕಂಟೆಂಟ್ ಕ್ಯಾಲೆಂಡರ್ ಹೆಚ್ಚಾಗಿ ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಕ್ಯಾಲೆಂಡರ್ ಮಾಡುವಾಗ ಸೋಮವಾರ ಒಂದು, ಗುರುವಾರ ಒಂದು ಎಂದು ಪೋಸ್ಟ್ ಹಾಕುವ ದಿನಗಳನ್ನು ಮಾತ್ರ ಗುರುತು ಮಾಡಿರುತ್ತಾರೆ. ತಮಗೆ ಉಸಿರಾಡಲೂ ಪುರಸೊತ್ತಿಲ್ಲದ ದಿನ ಯಾವುದು, ಓದುವವರು ಏನಾದರೂ ಮಾಡಲೇಬೇಕಾದ ದಿನ ಯಾವುದು ಎಂಬ ಎರಡೂ ಅದರಲ್ಲಿ ಇರುವುದಿಲ್ಲ. ಮೊದಲು ಈ ಎರಡು ಬಗೆಯ ದಿನಗಳನ್ನು ಶೀಟಿಗೆ ಹಾಕಿದರೆ ಪೋಸ್ಟಿನ ದಿನ ಅರ್ಧ ತಾನಾಗಿಯೇ ಗೊತ್ತಾಗುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆತನಕ ಹಿಡಿದುಕೊಂಡು ಹೋಗೋಣ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ, ಹಾರ್ಡ್‌ವೇರ್, ಕಿರಾಣಿ ಸಗಟು ವ್ಯಾಪಾರಿಗಳ ಜಿಎಸ್‌ಟಿ ನೋಡಿಕೊಳ್ಳುವ ಒಬ್ಬ ತೆರಿಗೆ ಸಲಹೆಗಾರರು ಇದ್ದಾರೆ ಎಂದಿಟ್ಟುಕೊಳ್ಳಿ. ಸುಮಾರು 60 ಕಕ್ಷಿದಾರರು, ಸಹಾಯಕ್ಕೆ ಯಾರೂ ಇಲ್ಲ. ಅವರ 2026ರ ನವೆಂಬರ್ ತಿಂಗಳ ಕ್ಯಾಲೆಂಡರ್ ಕಟ್ಟಬೇಕು. (ನೀವು ಸಿಎ ಅಥವಾ ವಕೀಲರಾಗಿದ್ದರೆ ಪ್ರಚಾರದ ಬಗ್ಗೆ ಐಸಿಎಐ, ಬಾರ್ ಕೌನ್ಸಿಲ್‌ಗಳ ನಿಯಮಗಳಿವೆ. ಅವನ್ನು ಓದಿಕೊಂಡೇ ಮುಂದುವರಿಯಿರಿ. ತಿಳಿವಳಿಕೆ ಕೊಡುವ ಬರಹ ಬೇರೆ, ಕೆಲಸ ಕೊಡಿ ಎಂದು ಕೇಳುವ ಬರಹ ಬೇರೆ.)

## ಮೊದಲು ನಿಮ್ಮ ಗಂಟೆಗಳ ಲೆಕ್ಕ

ಶೀಟ್ ತೆರೆದ ಕೂಡಲೇ ವಿಷಯ ಬರೆಯಲು ಹೋಗಬೇಡಿ. ತಿಂಗಳ ತಾರೀಕುಗಳನ್ನು ಒಂದರ ಕೆಳಗೊಂದು ಬರೆದು, ಏನೂ ಬರೆಯಲಾಗದ ದಿನಗಳಿಗೆ ಬಣ್ಣ ಹಾಕಿ. ನಮ್ಮ ಸಲಹೆಗಾರರಿಗೆ 11ಕ್ಕೆ ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ. ಆದ್ದರಿಂದ 8ರಿಂದ 11 ಮತ್ತು 17ರಿಂದ 20 ಪೂರ್ತಿ ಮುಚ್ಚಿದ ದಿನಗಳು. 2026ರಲ್ಲಿ ದೀಪಾವಳಿಯೂ ನವೆಂಬರ್ 8ರ ಆಸುಪಾಸಿಗೇ ಬರುತ್ತದೆ. ಹಬ್ಬದ ವ್ಯಾಪಾರದಲ್ಲಿ ಮುಳುಗಿದ ಅಂಗಡಿಯವರು ಸೇಲ್ಸ್ ಬಿಲ್ಲುಗಳನ್ನು ಕಳಿಸುವುದು 10ರ ರಾತ್ರಿಯೇ. ಆ ವಾರ ಕಂಟೆಂಟ್ ಬರೆಯುತ್ತೇನೆ ಎಂದುಕೊಳ್ಳುವುದು ಸುಳ್ಳು ಲೆಕ್ಕ.

ಉಳಿದ ದಿನಗಳಲ್ಲಿ ತಿಂಗಳಿಗೆ 10 ಗಂಟೆ ಸಿಗುತ್ತದೆ ಎಂದು ಹಿಡಿಯಿರಿ. ಒಂದು ದೊಡ್ಡ ಬರಹಕ್ಕೆ (700–900 ಪದ, ಲೆಕ್ಕದ ಒಂದು ಉದಾಹರಣೆ, ಪೋರ್ಟಲ್ಲಿನ ಒಂದೆರಡು ಸ್ಕ್ರೀನ್‌ಶಾಟ್) ತಾರೀಕು, ಸೆಕ್ಷನ್ ಪರಿಶೀಲನೆಯೂ ಸೇರಿ 3 ಗಂಟೆ ಬೇಕು. ಅದರಿಂದ ತೆಗೆದ ಚಿಕ್ಕ ಪೋಸ್ಟ್ ಅಥವಾ ವಾಟ್ಸಾಪ್ ಸಂದೇಶಕ್ಕೆ ಅರ್ಧ ಗಂಟೆ. ಅಲ್ಲಿಗೆ ಎರಡು ದೊಡ್ಡ ಬರಹಕ್ಕೆ 6 ಗಂಟೆ, ಐದು ಚಿಕ್ಕವಕ್ಕೆ ಎರಡೂವರೆ ಗಂಟೆ, ಯೋಜನೆ ಮತ್ತು ತಿಂಗಳ ಕೊನೆಯ ಪರಿಶೀಲನೆಗೆ ಒಂದು ಗಂಟೆ, ದಿಢೀರ್ ಬದಲಾವಣೆಗೆ ಅರ್ಧ ಗಂಟೆ. ಹತ್ತು ಮುಗಿಯಿತು. ವಾರಕ್ಕೆ ಮೂರು ಪೋಸ್ಟ್ ಎಂಬ ಜನಪ್ರಿಯ ಸೂತ್ರ ಇಲ್ಲಿ ಹೊಂದುವುದಿಲ್ಲ, ಹೊಂದಿಸಲು ಹೋಗುವುದೂ ಬೇಡ. ಏಳು ಸಾಕು.

## ಥೀಮ್ ಹುಡುಕುವುದು ವಾಟ್ಸಾಪಿನಲ್ಲಿ

ಥೀಮ್‌ಗಳನ್ನು ತಲೆಯಿಂದ ಹುಟ್ಟಿಸಬೇಡಿ. ಕಳೆದ ಮೂರು ತಿಂಗಳಲ್ಲಿ ಕಕ್ಷಿದಾರರು ಕಳಿಸಿದ ಸಂದೇಶಗಳನ್ನು ತೆರೆದು, ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಶೀಟಿಗೆ ಇಳಿಸಿ. ನಲವತ್ತು ಪ್ರಶ್ನೆ ಸಿಕ್ಕರೆ ನಿಲ್ಲಿಸಬಹುದು. ‘ಐಟಿಸಿ ಅರ್ಹತೆಯ ಷರತ್ತುಗಳು’ ಎಂದು ತಿದ್ದಿ ಬರೆಯಬೇಡಿ. ‘ಬಿಲ್ಲು ಕೊಟ್ಟಿದ್ದಾನೆ, ದುಡ್ಡೂ ಕೊಟ್ಟಿದೀನಿ, ಕ್ರೆಡಿಟ್ ಯಾಕೆ ಬರಲ್ಲ ಸರ್?’ ಎಂದೇ ಇರಲಿ. ಮುಂದೆ ಬರಹಕ್ಕೆ ಶೀರ್ಷಿಕೆಯಾಗುವುದು ಆ ಸಾಲೇ.

ಈಗ ಒಂದೇ ಜಾತಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ. ನಮ್ಮ ಉದಾಹರಣೆಯಲ್ಲಿ ಮೂರು ಗುಂಪು ಸಿಗುತ್ತವೆ: ಖರೀದಿ ಬಿಲ್ಲು ಮತ್ತು ಕ್ರೆಡಿಟ್, ವಹಿವಾಟಿನ ಮಿತಿ ಮತ್ತು ನೋಟಿಸು, ಅಂಗಡಿಯ ದಿನದ ಲೆಕ್ಕ. ಎರಡನೆಯದಕ್ಕೆ ಕರ್ನಾಟಕದಲ್ಲಿ ತನ್ನದೇ ಹಿನ್ನೆಲೆಯಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮಾಹಿತಿ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ಮೇಲೆ ಬೇಕರಿ, ಕಾಂಡಿಮೆಂಟ್ಸ್‌ನವರೂ ‘ನಮಗೂ ಬರುತ್ತಾ?’ ಎಂದು ಕೇಳತೊಡಗಿದರು.

ಒಂದು ಗುಂಪು ಥೀಮ್ ಆಗಲು ಮೂರು ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಕನಿಷ್ಠ ಹತ್ತು ಬೇರೆ ಬೇರೆ ಪ್ರಶ್ನೆ ಇರಬೇಕು, ಇಲ್ಲದಿದ್ದರೆ ಎರಡು ತಿಂಗಳಿಗೆ ಖಾಲಿ. ಅದನ್ನು ಓದಿದವರು ಕೇಳಬಹುದಾದ ಕೆಲಸ ನಿಮ್ಮ ಶುಲ್ಕದ ಪಟ್ಟಿಯಲ್ಲಿ ಇರಬೇಕು. ಮತ್ತು ಅದು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಲು ಬರಬೇಕು. ‘ತೆರಿಗೆ’ ಎಂಬುದು ಥೀಮ್ ಅಲ್ಲ, ಏಕೆಂದರೆ ಅದರಾಚೆಗಿನ ಪ್ರಶ್ನೆ ನಿಮ್ಮ ಶೀಟಿನಲ್ಲಿ ಒಂದೂ ಇರುವುದಿಲ್ಲ. ಎಲ್ಲವೂ ಒಳಗೆ ಬರುತ್ತದೆ ಎಂದರೆ ಆರಿಸಲು ಅದು ನೆರವಾಗುವುದಿಲ್ಲ.

ಮೂರಕ್ಕಿಂತ ಹೆಚ್ಚು ಬೇಡ. ತಿಂಗಳಿಗೆ ಏಳೇ ಪೋಸ್ಟ್ ಇರುವಾಗ ಐದು ಥೀಮ್ ಇಟ್ಟುಕೊಂಡರೆ ಒಂದೊಂದಕ್ಕೂ ಒಂದೂವರೆ ಬರುತ್ತದೆ. ಇವರು ಯಾವುದರಲ್ಲಿ ಪಳಗಿದವರು ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ. ಪ್ರತಿ ತಿಂಗಳು ಒಂದು ಥೀಮ್ ಮುಖ್ಯವಾಗಿರಲಿ, ಉಳಿದೆರಡು ಪಕ್ಕದಲ್ಲಿರಲಿ.

## ಓದುವವರ ಕೆಲಸದ ದಿನದಿಂದ ಹಿಂದಕ್ಕೆ ಎಣಿಸುವುದು

ಇಡೀ ಕ್ಯಾಲೆಂಡರಿನ ಜೀವ ಇರುವುದು ಈ ಹಂತದಲ್ಲಿ. ಹೆಚ್ಚಿನವರು ಎಡವುವುದೂ ಇಲ್ಲೇ.

ನವೆಂಬರಿಗೆ ಮುಖ್ಯ ಥೀಮ್ ಖರೀದಿ ಬಿಲ್ಲು ಮತ್ತು ಕ್ರೆಡಿಟ್. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. 2025-26ರ ಬಿಲ್ಲುಗಳಿಗೆ ಅದನ್ನು ಪಡೆಯಲು ಕಾನೂನಿನ ಕೊನೆಯ ದಿನ 2026ರ ನವೆಂಬರ್ 30. ಹಾಗಾಗಿ ಬಹುಪಾಲು ಸಲಹೆಗಾರರು ‘ನವೆಂಬರ್ 30 ಕೊನೆಯ ದಿನ, ಮರೆಯದಿರಿ’ ಎಂದು 25ರ ಸುಮಾರಿಗೆ ಪೋಸ್ಟ್ ಹಾಕುತ್ತಾರೆ. ಅದನ್ನು ಓದಿದ ವ್ಯಾಪಾರಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಯಾಕೆ ನೋಡಿ. ಕ್ರೆಡಿಟ್ ತೆಗೆದುಕೊಳ್ಳುವುದು 3ಬಿ ರಿಟರ್ನ್ ಮೂಲಕ. ನವೆಂಬರ್ ತಿಂಗಳ 3ಬಿ ಸಲ್ಲಿಸುವುದು ಡಿಸೆಂಬರಿನಲ್ಲಿ, ಅಷ್ಟೊತ್ತಿಗೆ ಗಡುವು ಮುಗಿದಿರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಕೊನೆಯ ಬಾಗಿಲು ನವೆಂಬರ್ 20ಕ್ಕೆ ಸಲ್ಲಿಸಬೇಕಾದ ಅಕ್ಟೋಬರ್ ತಿಂಗಳ 3ಬಿ. ಅದರಲ್ಲಿ ಕ್ರೆಡಿಟ್ ತೋರಿಸಬೇಕಾದರೆ ಬಿಲ್ಲು 2ಬಿಯಲ್ಲಿ, ಅಂದರೆ ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಪೋರ್ಟಲ್ ತಯಾರಿಸುವ ಪಟ್ಟಿಯಲ್ಲಿ, ಬಂದಿರಬೇಕು. 2ಬಿ ತಯಾರಾಗುವುದು 14ಕ್ಕೆ. ಅದರಲ್ಲಿ ಬರಬೇಕಾದರೆ ಮಾರಿದವನು 11ರೊಳಗೆ ತನ್ನ ಜಿಎಸ್‌ಟಿಆರ್-1ರಲ್ಲಿ, ಅವನು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವನಾದರೆ 13ರೊಳಗೆ ಐಎಫ್‌ಎಫ್ ಎಂಬ ತಿಂಗಳ ಬಿಲ್ಲುಪಟ್ಟಿಯಲ್ಲಿ, ಆ ಬಿಲ್ಲನ್ನು ಸೇರಿಸಿರಬೇಕು. ಅಂದರೆ ನಿಮ್ಮ ಓದುಗ ಕೆಲಸ ಮಾಡಬೇಕಾದ ದಿನ 30 ಅಲ್ಲ, 11. ಅದೂ ಅವನೊಬ್ಬನ ಕೈಯಲ್ಲಿಲ್ಲ. ಸೂರತ್ತಿನಲ್ಲೋ ಇಳಕಲ್ಲಿನಲ್ಲೋ ಕೂತ ಸಪ್ಲೈಯರ್‌ಗೆ ಫೋನು ಮಾಡಿ ಬೆನ್ನು ಹತ್ತಬೇಕು.

ಈ ಒಂದು ಲೆಕ್ಕದಿಂದ ಶೀಟಿಗೆ ಎರಡು ಕಾಲಂ ಬರುತ್ತವೆ: ‘ಕೆಲಸದ ದಿನ’ ಮತ್ತು ‘ಮುಂಗಡ’. ಓದುಗ ತಾನೊಬ್ಬನೇ ಮುಗಿಸಬಹುದಾದ ಕೆಲಸಕ್ಕೆ 3 ಕೆಲಸದ ದಿನ ಮುಂಗಡ ಸಾಕು. ಇನ್ನೊಬ್ಬರಿಂದ ಏನಾದರೂ ಬರಬೇಕಾದ ಕೆಲಸಕ್ಕೆ 8 ದಿನ ಕೊಡಿ. ಗೂಗಲ್ ಶೀಟ್‌ನಲ್ಲಿ B ಕಾಲಂನಲ್ಲಿ ಕೆಲಸದ ದಿನ, C ಕಾಲಂನಲ್ಲಿ ಮುಂಗಡ ಇದ್ದರೆ, ಪೋಸ್ಟ್ ಹಾಕುವ ದಿನಕ್ಕೆ ಈ ಸೂತ್ರ:

```
=WORKDAY.INTL(B2,-C2,"0000001",$H$2:$H$15)
```

ಸೋಮವಾರದಿಂದ ಶುರುವಾಗುವ ಆ ಏಳು ಅಂಕೆಗಳಲ್ಲಿ ಕೊನೆಯ 1 ಎಂದರೆ ಭಾನುವಾರ ಮಾತ್ರ ರಜೆ. ನಮ್ಮ ಅಂಗಡಿಗಳು ಶನಿವಾರ ತೆರೆದೇ ಇರುತ್ತವೆ. H ಕಾಲಂನಲ್ಲಿ ಹಬ್ಬದ ರಜೆಗಳನ್ನು ಬರೆಯಿರಿ. 11ರಿಂದ ಎಂಟು ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 2 ಬರುತ್ತದೆ. 9 ಮತ್ತು 10ನ್ನು ದೀಪಾವಳಿ ರಜೆ ಎಂದು ಸೇರಿಸಿದ ಕೂಡಲೇ ಅದು ಅಕ್ಟೋಬರ್ 30, ಶುಕ್ರವಾರಕ್ಕೆ ಜಾರುತ್ತದೆ. ನವೆಂಬರ್ ಕ್ಯಾಲೆಂಡರಿನ ಮೊದಲ ಬರಹ ಅಕ್ಟೋಬರಿನಲ್ಲೇ ಹೊರಡುವುದು ಹೀಗೆ.

ಇನ್ನೊಂದು ಕಾಲಂ ತಪ್ಪದೆ ಇರಬೇಕು: ‘ಯಾರಿಗೆ’. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿ ಕಕ್ಷಿದಾರರಿಗೆ ಮೇಲಿನ ಲೆಕ್ಕ ಪೂರಾ ತಪ್ಪು. ಅವರ ಅಕ್ಟೋಬರ್–ಡಿಸೆಂಬರ್ 3ಬಿ ಹೋಗುವುದು ಜನವರಿಯಲ್ಲಿ. ಆದ್ದರಿಂದ 2025-26ರ ಬಿಲ್ಲಿಗೆ ಅವರ ಕೊನೆಯ ಬಾಗಿಲು ಜುಲೈ–ಸೆಪ್ಟೆಂಬರ್ ರಿಟರ್ನ್. ಕರ್ನಾಟಕದವರಿಗೆ ಅದರ ಗಡುವು ಅಕ್ಟೋಬರ್ 22. ಅವರ ಸಪ್ಲೈಯರ್ ಬಿಲ್ಲು ಸೇರಿಸಬೇಕಾದದ್ದು ಅಕ್ಟೋಬರ್ 11 ಅಥವಾ 13ರೊಳಗೆ, ನಿಮ್ಮ ಬರಹ ಅವರಿಗೆ ತಲುಪಬೇಕಾದದ್ದು ಸೆಪ್ಟೆಂಬರ್ ಕೊನೆಗೆ. ಥೀಮ್ ಒಂದೇ, ಪ್ರಶ್ನೆಯೂ ಒಂದೇ, ತಾರೀಕಿನಲ್ಲಿ ಒಂದು ತಿಂಗಳ ಅಂತರ. ಎಲ್ಲರಿಗೂ ಒಂದೇ ಪೋಸ್ಟ್ ಹಾಕಿದರೆ ಅರ್ಧ ಜನಕ್ಕೆ ತಪ್ಪು ಮಾಹಿತಿ ಕೊಟ್ಟಂತೆ. ಹಾಗಾಗಿ ಅಕ್ಟೋಬರ್ 30ರ ಬರಹದ ಮೊದಲ ಸಾಲಿನಲ್ಲೇ ‘ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮಾತ್ರ’ ಎಂದಿರಲಿ.

## ಒಂದು ದೊಡ್ಡ ಬರಹ, ಅದರ ಮಕ್ಕಳು

ಏಳು ಪೋಸ್ಟಿಗೆ ಏಳು ವಿಷಯ ಹುಡುಕಬೇಡಿ. ದೊಡ್ಡ ಬರಹ ಬರೆಯುವಾಗಲೇ ಅದರಲ್ಲಿ ಬಿಡಿಸಿ ತೆಗೆಯಬಹುದಾದ ಎರಡು ತುಂಡು ಇರುವಂತೆ ನೋಡಿಕೊಳ್ಳಿ.

‘ಬಿಲ್ಲು ಕೊಟ್ಟಿದ್ದಾನೆ, ಕ್ರೆಡಿಟ್ ಯಾಕೆ ಬರಲ್ಲ?’ ಎಂಬ ಬರಹದಲ್ಲಿ ಮೂರು ಭಾಗ ಇರುತ್ತದೆ: ಖರೀದಿ ರಿಜಿಸ್ಟರನ್ನು 2ಬಿ ಜೊತೆ ತಾಳೆ ನೋಡುವುದು, ಸಿಗದ ಬಿಲ್ಲುಗಳ ಪಟ್ಟಿ ಮಾಡುವುದು, ಸಪ್ಲೈಯರ್‌ಗೆ ತಿಳಿಸುವುದು. ಮೂರನೆಯ ಭಾಗ ಹಾಗೇ ಎತ್ತಿ ನವೆಂಬರ್ 3ರ ವಾಟ್ಸಾಪ್ ಸಂದೇಶವಾಗುತ್ತದೆ. ಅದು ಉಪದೇಶವಾಗದೆ, ಅಂಗಡಿಯವರು ನಕಲು ಮಾಡಿ ಮುಂದಕ್ಕೆ ಕಳಿಸುವಂತೆ ಇರಬೇಕು:

‘ನಮಸ್ಕಾರ ಸರ್. ನಿಮ್ಮ ಬಿಲ್ಲು ನಂ. ____, ತಾ. ____, ಮೊತ್ತ ರೂ. ____ ನಮ್ಮ 2ಬಿಯಲ್ಲಿ ಬಂದಿಲ್ಲ. ಇದು 2025-26ರ ಬಿಲ್ಲು. ದಯವಿಟ್ಟು ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1ರಲ್ಲಿ ಸೇರಿಸಿ ನವೆಂಬರ್ 11ರೊಳಗೆ ಸಲ್ಲಿಸಿ, ಸಲ್ಲಿಸಿದ ಮೇಲೆ ತಿಳಿಸಿ.’

ಇಂಥದ್ದೇ ಹೆಚ್ಚು ಓಡಾಡುತ್ತದೆ. ಅದರ ಕೆಳಗೆ ನಿಮ್ಮ ಹೆಸರು, ನಂಬರು ಬೇಡ. ಸಪ್ಲೈಯರ್‌ಗೆ ಹೋಗುವ ಸಂದೇಶದಲ್ಲಿ ಸಲಹೆಗಾರರ ಜಾಹೀರಾತು ಕಂಡರೆ ಅಂಗಡಿಯವರು ಕಳಿಸುವುದೇ ಇಲ್ಲ.

ವಾಟ್ಸಾಪ್ ಬ್ರಾಡ್‌ಕಾಸ್ಟಿನ ಎರಡು ಮಿತಿ ನೆನಪಿರಲಿ. ಒಂದು ಪಟ್ಟಿಯಲ್ಲಿ 256 ಜನ ಮಾತ್ರ, ಮತ್ತು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಕಳಿಸಿದ್ದೆನಲ್ಲ, ನೋಡಲಿಲ್ವಾ?’ ಎಂಬ ಜಗಳದ ಮೂಲ ಅನೇಕ ಸಲ ಇಷ್ಟೇ. ತಿಂಗಳ ರಿಟರ್ನಿನವರಿಗೆ ಒಂದು ಪಟ್ಟಿ, ಕ್ಯೂಆರ್‌ಎಂಪಿಯವರಿಗೆ ಇನ್ನೊಂದು ಪಟ್ಟಿ ಮಾಡಿಟ್ಟುಕೊಂಡರೆ ‘ಯಾರಿಗೆ’ ಎಂಬ ಕಾಲಂ ತಾನಾಗಿ ಉಪಯೋಗಕ್ಕೆ ಬರುತ್ತದೆ.

ಸ್ಕ್ರೀನ್‌ಶಾಟ್ ಹಾಕುವಾಗ ಕಕ್ಷಿದಾರರ ಹೆಸರು ಅಳಿಸಿದರೆ ಸಾಲದು. 15 ಅಕ್ಷರದ ಜಿಎಸ್‌ಟಿ ನಂಬರಿನಲ್ಲಿ ಮೂರನೆಯದರಿಂದ ಹನ್ನೆರಡನೆಯದರವರೆಗೆ ಇರುವುದು ಅವರ ಪ್ಯಾನ್. ಪೂರ್ತಿ ಮುಚ್ಚಿ.

## ನವೆಂಬರ್ ತಿಂಗಳು ತುಂಬಿದ ಮೇಲೆ

ಯೋಜನೆಗೆ ಕೂರುವ ದಿನವೂ ಕೆಲಸದ ಒತ್ತಡ ನೋಡಿಯೇ ಇರಲಿ. ಅಕ್ಟೋಬರ್ 20 ಮತ್ತು 22ರ ಗಡುವು ದಾಟಿ 24ನೇ ತಾರೀಕು ಶನಿವಾರ ಅರ್ಧ ಗಂಟೆ ಕೂತರೆ ಶೀಟ್ ಹೀಗೆ ನಿಲ್ಲುತ್ತದೆ:

| ಪೋಸ್ಟ್ ದಿನ | ಥೀಮ್ | ಪ್ರಶ್ನೆ | ರೂಪ | ಓದುಗರ ಕೆಲಸದ ದಿನ |
|---|---|---|---|---|
| ಅ. 30, ಶುಕ್ರ | ಕ್ರೆಡಿಟ್ | ಬಿಲ್ಲು ಕೊಟ್ಟಿದ್ದಾನೆ, ಕ್ರೆಡಿಟ್ ಯಾಕೆ ಬರಲ್ಲ? | ದೊಡ್ಡ ಬರಹ | ನ. 11 |
| ನ. 3, ಮಂಗಳ | ಕ್ರೆಡಿಟ್ | ಸಪ್ಲೈಯರ್‌ಗೆ ಏನೆಂದು ಬರೆಯಲಿ? | ವಾಟ್ಸಾಪ್ | ನ. 11 |
| ನ. 5, ಗುರು | ದಿನದ ಲೆಕ್ಕ | ಹಬ್ಬದ ವ್ಯಾಪಾರದ ನಗದು, ಯುಪಿಐ ಹೇಗೆ ಬರೆದಿಡಲಿ? | ಚಿಕ್ಕ ಪೋಸ್ಟ್ | ಹಬ್ಬದ ದಿನಗಳು |
| ನ. 16, ಸೋಮ | ಕ್ರೆಡಿಟ್ | 2ಬಿ ಬಂತು, ಆ ಬಿಲ್ಲು ಬಂತಾ? | ವಾಟ್ಸಾಪ್ | ನ. 20 |
| ನ. 23, ಸೋಮ | ಮಿತಿ, ನೋಟಿಸು | 40 ಲಕ್ಷ ದಾಟಿದೆಯೋ ಇಲ್ಲವೋ ಎಣಿಸುವುದು ಹೇಗೆ? | ದೊಡ್ಡ ಬರಹ | ಗಡುವಿಲ್ಲ |
| ನ. 26, ಗುರು | ಮಿತಿ, ನೋಟಿಸು | ಹಾಲು, ತರಕಾರಿಗೆ ತೆರಿಗೆ ಇಲ್ಲ, ಆದರೂ ಎಣಿಸಬೇಕಾ? | ಚಿಕ್ಕ ಪೋಸ್ಟ್ | ಗಡುವಿಲ್ಲ |
| ನ. 28, ಶನಿ | ದಿನದ ಲೆಕ್ಕ | ವಾರ್ಷಿಕ ರಿಟರ್ನಿಗೆ ಏನೇನು ತೆಗೆದಿಡಲಿ? | ವಾಟ್ಸಾಪ್ | ಡಿ. 31 |

ನವೆಂಬರ್ 6ರಿಂದ 15ರವರೆಗೆ ಏನೂ ಇಲ್ಲ, 17ರಿಂದ 22ರವರೆಗೂ ಇಲ್ಲ. ಈ ಖಾಲಿ ಜಾಗ ನೋಡಿ ಕೈ ತುರಿಸಬಾರದು. 16ರ ಸಂದೇಶ ಕೂಡ ಹೊಸದಾಗಿ ಬರೆಯುವಂಥದ್ದಲ್ಲ. ಅಕ್ಟೋಬರ್ ಕೊನೆಯಲ್ಲೇ ಬರೆದಿಟ್ಟು, ಆ ಬೆಳಿಗ್ಗೆ ತಾರೀಕು ಸರಿಯಿದೆಯೇ ಎಂದು ನೋಡಿ ಕಳಿಸುವಂಥದ್ದು.

ಗಡುವಿಲ್ಲದ ಬರಹಗಳನ್ನು ತಿಂಗಳ ಕೊನೆಗೆ ತಳ್ಳಿರುವುದು ಬೇಕೆಂದೇ. 23ರ ಬರಹ ಎರಡು ದಿನ ತಡವಾದರೂ ಯಾರಿಗೂ ನಷ್ಟವಿಲ್ಲ. ಆದರೆ ಅದರ ಒಳಗಿನ ವಿಷಯ ಗಟ್ಟಿಯಾಗಿರಬೇಕು. ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ಮಿತಿ ಎಣಿಸುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವೂ ಸೇರುತ್ತದೆ. ಆದರೆ ಮಾರುವುದೆಲ್ಲ ತೆರಿಗೆ ಇಲ್ಲದ್ದೇ ಆಗಿದ್ದರೆ ನೋಂದಣಿ ಬೇಡ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಹಾಲಿನ ಪಕ್ಕ ಬಿಸ್ಕತ್ತೂ ಇರುತ್ತದೆ. 26ರ ಚಿಕ್ಕ ಪೋಸ್ಟ್ ಹುಟ್ಟುವುದೇ ಆ ಬಿಸ್ಕತ್ತಿನಿಂದ.

## ಎಲ್ಲಿ ಕೆಡುತ್ತದೆ

ಸುದ್ದಿಯ ಹಿಂದೆ ಓಡುವುದು. ಜಿಎಸ್‌ಟಿ ಕೌನ್ಸಿಲ್ ಸಭೆ ಮುಗಿದ ರಾತ್ರಿಯೇ ಎಲ್ಲರೂ ಬರೆಯುತ್ತಾರೆ. ಕೌನ್ಸಿಲ್ ಹೇಳುವುದು ಶಿಫಾರಸು. ಜಾರಿಗೆ ಬರುವುದು ಅಧಿಸೂಚನೆಯಿಂದ. ನಿಮ್ಮ ಕಕ್ಷಿದಾರರು ಮಾರುವ ಸರಕಿಗೆ ಸಂಬಂಧವಿದ್ದರೆ ಮಾತ್ರ, ಅಧಿಸೂಚನೆ ಬಂದ ಮೇಲೆ, ಕಾದಿಟ್ಟ ಆ ಅರ್ಧ ಗಂಟೆ ಖರ್ಚು ಮಾಡಿ. ಅದಕ್ಕಾಗಿ ಶೀಟಿನ ಒಂದು ಚಿಕ್ಕ ಪೋಸ್ಟನ್ನು ತೆಗೆಯಿರಿ, ಸಾಲು ಉದ್ದ ಮಾಡಬೇಡಿ.

ಹಳೆಯದನ್ನು ಹಾಗೇ ಮತ್ತೆ ಹಾಕುವುದು. ಕಳೆದ ವರ್ಷದ ಬರಹವನ್ನು ಮತ್ತೆ ಬಳಸುವುದು ಒಳ್ಳೆಯ ಅಭ್ಯಾಸವೇ. ಆದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು, 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರುಗಳೂ ಬದಲಾದವು. ಅದಕ್ಕೂ ಮೊದಲಿನ ಪೋಸ್ಟಿನಲ್ಲಿರುವ ಪ್ರತಿ ಶೇಕಡಾವಾರು, ಪ್ರತಿ ಸೆಕ್ಷನ್ ಮತ್ತೆ ನೋಡಬೇಕು. ಶೀಟಿನಲ್ಲಿ ‘ಕೊನೆಯ ಸಲ ಪರಿಶೀಲಿಸಿದ್ದು’ ಎಂಬ ಕಾಲಂ ಇರಲಿ. ಅಲ್ಲಿ ತಾರೀಕು ಇಲ್ಲದ ಸಾಲು ಹೊರಗೆ ಹೋಗಬಾರದು.

ಗಡುವು ಮುಂದೆ ಹೋಗುವುದು. ಸರ್ಕಾರ ಕೆಲವೊಮ್ಮೆ ಕೊನೆಯ ಗಳಿಗೆಯಲ್ಲಿ ದಿನ ವಿಸ್ತರಿಸುತ್ತದೆ. ಆದ್ದರಿಂದ ತಾರೀಕು ಇರುವ ಪೋಸ್ಟನ್ನು ತಾನಾಗಿ ಹೋಗುವಂತೆ ಶೆಡ್ಯೂಲ್ ಮಾಡಿಡಬೇಡಿ. ತಾರೀಕು ಇಲ್ಲದ್ದನ್ನು ಮಾಡಿಡಬಹುದು. ಚಿತ್ರದೊಳಗೆ ತಾರೀಕು ಬರೆಯುವುದೂ ಬೇಡ, ತಿದ್ದಲು ಬರುವುದಿಲ್ಲ. ಪಕ್ಕದ ಬರಹದಲ್ಲಿ ಇಡಿ.

ತಪ್ಪಿದ್ದನ್ನು ಮುಂದಕ್ಕೆ ಎಳೆಯುವುದು. ನವೆಂಬರ್ 3ರ ಸಂದೇಶ 3ಕ್ಕೆ ಹೋಗಲಿಲ್ಲ ಎಂದರೆ 5ರವರೆಗೆ ಕಳಿಸಬಹುದು. 10ಕ್ಕೆ ಕಳಿಸಿದರೆ ಅಂಗಡಿಯವರಿಗೆ ಗಾಬರಿ ಮಾತ್ರ. ಕೆಲಸದ ದಿನ ದಾಟಿದ ಸಾಲನ್ನು ಅಳಿಸಿ ಹಾಕಿ, ಬಾಕಿ ಎಂದು ಹೊರಬೇಡಿ. ಗಡುವಿಲ್ಲದ ಸಾಲನ್ನು ಮಾತ್ರ ಮುಂದಿನ ತಿಂಗಳಿಗೆ ಒಯ್ಯಿರಿ, ಅದೂ ಒಮ್ಮೆ ಮಾತ್ರ. ಎರಡನೇ ಸಲವೂ ಬರೆಯಲಾಗಲಿಲ್ಲ ಎಂದರೆ ಆ ಪ್ರಶ್ನೆ ನಿಮಗೇ ಬೇಕಾಗಿಲ್ಲ.

## ತಿಂಗಳ ಕೊನೆಯ ಅರ್ಧ ಗಂಟೆ

ಲೈಕು, ವ್ಯೂಸ್ ಎಣಿಸುವುದರಿಂದ 60 ಕಕ್ಷಿದಾರರ ಕಚೇರಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಸಾಲಿನ ಕೊನೆಗೆ ‘ಏನು ಕೇಳಿದರು’ ಎಂಬ ಕಾಲಂ ಇಡಿ. ಆ ಪೋಸ್ಟ್ ನೋಡಿ ಯಾರಾದರೂ ಫೋನು ಮಾಡಿದರೆ, ಸಂದೇಶ ಕಳಿಸಿದರೆ, ಅವರ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಅಲ್ಲೇ ಬರೆಯಿರಿ. ಆ ಪ್ರಶ್ನೆಗಳೇ ಮತ್ತೆ ಮೊದಲಿನ ಪಟ್ಟಿಗೆ ಸೇರುತ್ತವೆ.

ಒಂದು ಥೀಮಿನ ಪೋಸ್ಟ್‌ಗಳಿಗೆ ಮೂರು ತಿಂಗಳು ಒಂದೂ ಪ್ರಶ್ನೆ ಬರಲಿಲ್ಲ ಎಂದರೆ ಅದನ್ನು ಬದಲಿಸುವ ಮುನ್ನ ಒಂದನ್ನು ಪರೀಕ್ಷಿಸಿ: ಶೀರ್ಷಿಕೆ ಕಕ್ಷಿದಾರರ ಮಾತಿನಲ್ಲಿತ್ತೋ ಇಲಾಖೆಯ ಮಾತಿನಲ್ಲಿತ್ತೋ? ಎರಡನೆಯದಾಗಿದ್ದರೆ ಅದೇ ವಿಷಯವನ್ನು ಮೊದಲನೆಯ ಬಗೆಯಲ್ಲಿ ಒಮ್ಮೆ ಬರೆದು ನೋಡಿ. ಪ್ರಶ್ನೆ ಬರುತ್ತಿದೆ, ಕೆಲಸ ಬರುತ್ತಿಲ್ಲ ಎಂದರೆ ಬರಹದ ಕೊನೆಯ ಸಾಲು ನೋಡಿ. ‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’ ಎಂದಿದ್ದರೆ ಅದನ್ನು ತೆಗೆದು, ‘ನಿಮ್ಮ ಖರೀದಿ ರಿಜಿಸ್ಟರ್ ಎಕ್ಸೆಲ್ ಕಳಿಸಿ, 2ಬಿ ಜೊತೆ ತಾಳೆ ನೋಡಿ ಸಿಗದ ಬಿಲ್ಲುಗಳ ಪಟ್ಟಿ ಕೊಡುತ್ತೇವೆ’ ಎಂದು ಬರೆದು, ಆ ಕೆಲಸದ ಶುಲ್ಕವನ್ನೂ ಪಕ್ಕದಲ್ಲೇ ಹಾಕಿ.